ಅನ್ನ ಬಿಡಿಸಿದ್ದು ಸರಿ, ತಟ್ಟೆಗೆ ಕಾಳು ಹಾಕಿದವರು ಯಾರು?

"ರಾತ್ರಿ ಅನ್ನ ಬಿಡಿ." ಈ ಮಾತು ಈಗ ಹಳ್ಳಿಹಳ್ಳಿಗೂ ತಲುಪಿದೆ. ಆರೋಗ್ಯ ತಪಾಸಣಾ ಶಿಬಿರದಲ್ಲಿ ಬೆರಳಿಗೆ ಸೂಜಿ ಚುಚ್ಚಿದವರು ಹೇಳುತ್ತಾರೆ, ಔಷಧಿ ಅಂಗಡಿಯವರು ಹೇಳುತ್ತಾರೆ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನೂ ಹೇಳುತ್ತಾನೆ. ವಾಟ್ಸಾಪಿನಲ್ಲಂತೂ ದಿನಕ್ಕೊಂದು ವಿಡಿಯೊ. ಹೊಟ್ಟೆ ಕರಗಬೇಕೆ, ಅನ್ನ ಬಿಡಿ. ಶುಗರ್ ಇಳಿಯಬೇಕೆ, ಅನ್ನ ಬಿಡಿ.

ಬಿಟ್ಟ ಮೇಲೆ ಏನು ತಿನ್ನಬೇಕು ಅಂತ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನರ ಉತ್ತರ ಒಂದೇ: "ಚಪಾತಿ ತಿನ್ನಿ." ಉಳಿದ ಒಬ್ಬರು "ಮುದ್ದೆ ತಿನ್ನಿ, ಇಲ್ಲವೇ ಸಿರಿಧಾನ್ಯ ತಿನ್ನಿ" ಅನ್ನುತ್ತಾರೆ. ನಮ್ಮ ತಕರಾರು ಇರುವುದು ಇಲ್ಲಿ. ಇದು ಅರ್ಧ ಸಲಹೆ. ಈ ಅರ್ಧ ಸಲಹೆಯಿಂದಲೇ ನಮ್ಮ ಜನ ರಾತ್ರಿ ಹತ್ತೂವರೆಗೆ ಹಸಿದುಕೊಂಡು ಎದ್ದು ಮಿಕ್ಸ್ಚರ್ ಡಬ್ಬಿಗೆ ಕೈ ಹಾಕುತ್ತಿದ್ದಾರೆ. ತಿಂಗಳಾಗುವಷ್ಟರಲ್ಲಿ "ನಮಗೆ ಆಗಲ್ಲಪ್ಪ ಇದೆಲ್ಲ" ಅಂತ ಮತ್ತೆ ಅನ್ನಕ್ಕೆ ಮರಳುತ್ತಿದ್ದಾರೆ.

ನಾವು ಹೇಳುವುದಿಷ್ಟು. ರಾತ್ರಿ ಊಟದಲ್ಲಿ ಅನ್ನ ಇಳಿಸುವುದಾದರೆ ಅದರ ಜಾಗಕ್ಕೆ ಇನ್ನೊಂದು ಹಿಟ್ಟು ಬರಬಾರದು, ಕಾಳು ಬರಬೇಕು. ಚಮಚದ ಲೆಕ್ಕದಲ್ಲಲ್ಲ, ಬಟ್ಟಲಿನ ಲೆಕ್ಕದಲ್ಲಿ. ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ನಮ್ಮ ಬಯಲುಸೀಮೆಯ ಬಸ್ಸಾರಿನಲ್ಲೇ ಇದಕ್ಕೆ ಉತ್ತರ ಇದೆ.

ಚಪಾತಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೊದಲು ಲೆಕ್ಕ ನೋಡೋಣ. ಅಕ್ಕಿ, ಗೋಧಿ, ರಾಗಿಯಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಇಂಗ್ಲಿಷಿನವರು ಕಾರ್ಬ್ ಅನ್ನುವುದು ಇದನ್ನೇ. ಹೊಟ್ಟೆಗೆ ಹೋಗಿ ಜೀರ್ಣವಾದ ಮೇಲೆ ಇದು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದೆ. ಅಷ್ಟೇ ತೂಕದ ಗೋಧಿ ಹಿಟ್ಟಿನಲ್ಲಿ ಸುಮಾರು 64 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ. ಸಿರಿಧಾನ್ಯಗಳೂ ಇದೇ ಆಸುಪಾಸಿನಲ್ಲಿವೆ.

ವ್ಯತ್ಯಾಸ ಇದೆ, ಇಲ್ಲ ಅನ್ನುವುದಿಲ್ಲ. ಗೋಧಿಯಲ್ಲಿ ಅಕ್ಕಿಗಿಂತ ಪ್ರೋಟೀನ್ ಸ್ವಲ್ಪ ಜಾಸ್ತಿ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಜಾಸ್ತಿ. ಆದರೆ ಯಾವುದೂ ಪಿಷ್ಟ ಕಡಿಮೆ ಇರುವ ಆಹಾರ ಅಲ್ಲ. 150 ಗ್ರಾಂ ಅಕ್ಕಿಯ ಅನ್ನ ಬಿಟ್ಟು 150 ಗ್ರಾಂ ರಾಗಿಯ ದೊಡ್ಡ ಮುದ್ದೆ ಉಂಡರೆ, ಇಳಿಯುವ ಪಿಷ್ಟ ಹದಿನೇಳು ಗ್ರಾಂ ಅಷ್ಟೇ. ಊಟ ಮುಗಿಸಿ ತಿನ್ನುವ ಒಂದು ಬಾಳೆಹಣ್ಣು ಅದನ್ನು ತುಂಬಿಬಿಡುತ್ತದೆ.

ಇದು ನಮ್ಮ ಒಬ್ಬರ ವಾದವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಆಹಾರದ ವರದಿ 2025ರ ಸೆಪ್ಟೆಂಬರ್‌ನಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ನಮ್ಮ ದೇಶದವರ ಊಟದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಪ್ರೋಟೀನಿನಿಂದ ಬರುವುದು ಶೇ. 12ರಷ್ಟು ಮಾತ್ರ ಎಂದು ಅದು ಹೇಳಿತು. ಅದರಲ್ಲಿದ್ದ ಇನ್ನೊಂದು ಮಾತು ಚಪಾತಿ ಪ್ರಚಾರಕರು ಓದಲೇಬೇಕಾದದ್ದು. ಒಟ್ಟು ಪಿಷ್ಟ ಕಡಿಮೆ ಮಾಡದೆ ಬರೀ ಬಿಳಿ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯ ತಿಂದರೆ ಮಧುಮೇಹದ ಅಪಾಯ ಕಡಿಮೆಯಾದಂತೆ ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಕಾಳು, ಬೇಳೆ, ಹಾಲು, ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಅಪಾಯ ಕಡಿಮೆ ಇರುವಂತೆ ಕಂಡಿತು. ಇದು ಒಂದು ಕಾಲದಲ್ಲಿ ಮಾಡಿದ ಸಮೀಕ್ಷೆ, ಒಬ್ಬೊಬ್ಬರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಲ್ಲ. ಹಾಗಾಗಿ ಇದೇ ಕೊನೆಯ ಮಾತು ಅನ್ನುವುದಿಲ್ಲ. ಆದರೂ ದಾರಿ ಯಾವ ಕಡೆಗಿದೆ ಅಂತ ಇದು ತೋರಿಸುತ್ತದೆ. ಶಿಬಿರದಲ್ಲಿ ಹಂಚುವ ಕರಪತ್ರ ಮಾತ್ರ ಇನ್ನೂ ಚಪಾತಿಯ ಚಿತ್ರದಲ್ಲೇ ನಿಂತಿದೆ.

ದರ್ಜಿಯಣ್ಣನ ತಟ್ಟೆ

ನಮ್ಮ ಹೋಬಳಿ ಕೇಂದ್ರದಲ್ಲಿ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಒಬ್ಬರು ಅಣ್ಣ ಇದ್ದಾರೆ. ವಯಸ್ಸು ಐವತ್ತೆರಡು. ಬೆಳಿಗ್ಗೆ ಒಂಬತ್ತಕ್ಕೆ ಮಿಷನ್ ಮುಂದೆ ಕೂತರೆ ರಾತ್ರಿ ಎಂಟಕ್ಕೆ ಏಳುವುದು. ಶಿಬಿರವೊಂದರಲ್ಲಿ "ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಈಗಲೇ ಬೇಡ, ರಾತ್ರಿ ಅನ್ನ ಬಿಡಿ" ಅಂದರಂತೆ. ಬಿಟ್ಟರು. ಮನೆಯಲ್ಲಿ ಅಕ್ಕ ನಾಲ್ಕು ಚಪಾತಿ, ಆಲೂಗೆಡ್ಡೆ ಪಲ್ಯ ಮಾಡಿಕೊಡತೊಡಗಿದರು.

ಮೊದಲು ಅವರು ಉಣ್ಣುತ್ತಿದ್ದದ್ದು ಸುಮಾರು 150 ಗ್ರಾಂ ಅಕ್ಕಿಯ ಅನ್ನ, ಮೇಲೆ ತಿಳಿಸಾರು. ಅನ್ನದಿಂದ 117 ಗ್ರಾಂ ಪಿಷ್ಟ. ನಾಲ್ಕು ಚಪಾತಿಗೆ ಹತ್ತಿರಹತ್ತಿರ 150 ಗ್ರಾಂ ಹಿಟ್ಟು ಬೇಕು, ಅದರಲ್ಲಿ ಪಿಷ್ಟ 96 ಗ್ರಾಂ. 100 ಗ್ರಾಂ ಆಲೂಗೆಡ್ಡೆ ಸೇರಿಸಿ, ಇನ್ನೊಂದು ಹದಿನೈದು. ಒಟ್ಟು 111. ಅಂದರೆ ಅಣ್ಣ ಇಷ್ಟು ದಿನ ಅನ್ನದ ಆಸೆ ಹತ್ತಿಕ್ಕಿಕೊಂಡು ಮಾಡಿದ ತಪಸ್ಸಿಗೆ ಸಿಕ್ಕ ಫಲ ಆರು ಗ್ರಾಂ!

"ಅದೂ ಹೋಗಲಿ ಅಂದ್ರೆ ಹತ್ತೂವರೆಗೆ ಹೊಟ್ಟೆ ಕರಕರ ಅನ್ನುತ್ತೆ ನೋಡಪ್ಪ. ಡಬ್ಬಿಯಲ್ಲಿ ಮಿಕ್ಸ್ಚರ್ ಇರುತ್ತೆ, ಅದಿಲ್ಲ ಅಂದ್ರೆ ಮೊಮ್ಮಗಳ ಬಿಸ್ಕತ್ತು" ಅಂದರು ಅಣ್ಣ. ಮಿಕ್ಸ್ಚರ್ ಬಿಸ್ಕತ್ತನ್ನೂ ಸೇರಿಸಿದರೆ ಬಿಟ್ಟ ಅನ್ನಕ್ಕಿಂತ ತಿಂದದ್ದೇ ಹೆಚ್ಚು.

ಆಮೇಲೆ ಅವರ ಮನೆಯಲ್ಲಿ ಬದಲಾದದ್ದು ಇಷ್ಟು. ರಾತ್ರಿ ತಟ್ಟೆಗೆ ಮೊದಲು ಒಂದು ಬಟ್ಟಲು ಕಾಳುಸೊಪ್ಪಿನ ಪಲ್ಯ, ಅದರಲ್ಲಿ ಒಬ್ಬರ ಪಾಲಿಗೆ 60 ಗ್ರಾಂ ಒಣ ಕಾಳು. ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಆಮೇಲೆ 40 ಗ್ರಾಂ ಅಕ್ಕಿಯ ಅನ್ನ, ಅಂದರೆ ಬೆಂದ ಮೇಲೆ ಒಂದು ಸಣ್ಣ ಬಟ್ಟಲು, ಬಸ್ಸಾರಿನ ಜೊತೆ. ಕೊನೆಗೆ ಅರ್ಧ ಬಟ್ಟಲು ಮೊಸರಿನಿಂದ ಮಾಡಿದ ಒಂದು ದೊಡ್ಡ ಲೋಟ ಮಜ್ಜಿಗೆ.

ಲೆಕ್ಕ ಹಾಕಿ. ಹುರುಳಿಕಾಳಾದರೆ 60 ಗ್ರಾಮಿನಲ್ಲಿ 13 ಗ್ರಾಂ ಪ್ರೋಟೀನ್, 34 ಗ್ರಾಂ ಪಿಷ್ಟ. ಅನ್ನದಿಂದ ಮೂರು ಗ್ರಾಂ ಪ್ರೋಟೀನ್, 31 ಗ್ರಾಂ ಪಿಷ್ಟ. ಮೊಟ್ಟೆಯಿಂದ ಆರು, ಮಜ್ಜಿಗೆಯಿಂದ ಮೂರು ಗ್ರಾಂ ಪ್ರೋಟೀನ್. ಎಲ್ಲ ಸೇರಿ ಪ್ರೋಟೀನ್ 25 ಗ್ರಾಂ, ಪಿಷ್ಟ 70 ಗ್ರಾಂ ಒಳಗೆ. ಹಳೆಯ ಅನ್ನ-ತಿಳಿಸಾರಿನಲ್ಲಿ ಪ್ರೋಟೀನ್ ಇದ್ದದ್ದು 14 ಗ್ರಾಂ ಅಷ್ಟೇ. ಪಿಷ್ಟ ಹೆಚ್ಚುಕಡಿಮೆ ಅರ್ಧದ ಹತ್ತಿರಕ್ಕೆ ಇಳಿಯಿತು, ಪ್ರೋಟೀನ್ ದುಪ್ಪಟ್ಟಿನ ಹತ್ತಿರಕ್ಕೆ ಏರಿತು. ತಟ್ಟೆ ಮಾತ್ರ ಖಾಲಿ ಕಾಣಲಿಲ್ಲ. ಅನ್ನವೂ ಪೂರ್ತಿ ಹೋಗಲಿಲ್ಲ.

ಡಬ್ಬಿ ತೆಗೆಯುವುದು ನಿಂತದ್ದು ಎರಡನೇ ವಾರದಲ್ಲಿ. ಮೊದಲ ವಾರ ಹಸಿವಿಗಿಂತ ಅಭ್ಯಾಸವೇ ಎದ್ದು ಕೂರಿಸುತ್ತಿತ್ತು ಅನ್ನುತ್ತಾರೆ. ಇದು ಒಬ್ಬರ ಕತೆ, ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲು ಇದು ಸಾಕ್ಷಿ ಅಲ್ಲ. ಲೆಕ್ಕವನ್ನು ಮಾತ್ರ ಯಾರು ಬೇಕಾದರೂ ಹಾಕಿ ನೋಡಬಹುದು.

ಹಸಿವು ಯಾಕೆ ಬೇಗ ಬರುತ್ತದೆ

ಮೆತ್ತಗೆ ಬೆಂದ ಅನ್ನವನ್ನು ತಿಳಿಸಾರಿನಲ್ಲಿ ಕಲಸಿ ಉಂಡರೆ ಅಗಿಯುವ ಕೆಲಸವೇ ಇಲ್ಲ. ಬೇಗ ಒಳಗೆ ಹೋಗುತ್ತದೆ, ಬೇಗ ಜೀರ್ಣವಾಗುತ್ತದೆ, ಸಕ್ಕರೆ ಬೇಗ ಏರುತ್ತದೆ. ಇಡೀ ಕಾಳು ಹಾಗಲ್ಲ. ಸಿಪ್ಪೆ ಇದೆ, ನಾರಿದೆ, ಅಗಿಯಬೇಕು. ಅದರೊಳಗಿನ ಪಿಷ್ಟ ನಿಧಾನವಾಗಿ ಬಿಡುಗಡೆಯಾಗುತ್ತದೆ. ಪ್ರೋಟೀನ್ ಇರುವ ಊಟ ಹೊಟ್ಟೆ ತುಂಬಿದ ಭಾವನೆಯನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಹಾಗಾಗಿ ಎರಡು ಚಪಾತಿ ಕಡಿಮೆ ಮಾಡಿ ಸುಮ್ಮನೆ ಕೂತವರಿಗೆ ಹಸಿವಾಗುತ್ತದೆ. ಎರಡು ಚಪಾತಿ ಜಾಗಕ್ಕೆ ಒಂದು ಬಟ್ಟಲು ಕಾಳು ಇಟ್ಟವರಿಗೆ ಅಷ್ಟು ಆಗುವುದಿಲ್ಲ.

ಉಣ್ಣುವ ಕ್ರಮವೂ ಮುಖ್ಯ. ನಮ್ಮಲ್ಲಿ ತಟ್ಟೆಗೆ ಮೊದಲು ಬೀಳುವುದು ಅನ್ನ ಅಥವಾ ಮುದ್ದೆ, ಪಲ್ಯ ಮೂಲೆಯಲ್ಲಿ ಉಪ್ಪಿನಕಾಯಿಯ ಪಕ್ಕ. ಇದನ್ನು ತಿರುಗಿಸಿ. ಮೊದಲು ಕಾಳು, ಸೊಪ್ಪು, ಮೊಟ್ಟೆ ತಿಂದು ಮುಗಿಸಿ. ಆಮೇಲೆ ಅನ್ನ ಹಾಕಿಸಿಕೊಳ್ಳಿ. ಸೊಪ್ಪು ಮತ್ತು ಪ್ರೋಟೀನ್ ಮೊದಲು ಹೋದರೆ ಊಟದ ನಂತರ ಸಕ್ಕರೆ ಏರುವ ಭರ ಕಡಿಮೆಯಾಗುತ್ತದೆ. ಎರಡನೇ ಸಲ ಅನ್ನ ಬಡಿಸುವಾಗ "ಸಾಕು" ಅನ್ನುವುದೂ ಸುಲಭವಾಗುತ್ತದೆ.

ಇಲ್ಲಿ ಒಂದು ಮೋಸ ಇದೆ. "ನಾವು ದಿನಾ ಬೇಳೆಸಾರೇ ಉಣ್ಣುತ್ತೀವಲ್ಲ" ಅನ್ನುತ್ತಾರೆ ಎಲ್ಲರೂ. ನಾಲ್ಕು ಜನರ ಸಾರಿಗೆ ಹಾಕುವ ತೊಗರಿಬೇಳೆ ಎಷ್ಟು ಅಂತ ಕೈಯಲ್ಲಿ ಹಿಡಿದು ನೋಡಿ, ಒಂದು ಹಿಡಿ. ತಲೆಗೆ ಹತ್ತು ಗ್ರಾಂ ಬಂದರೆ ಹೆಚ್ಚು. ಅದರಲ್ಲಿ ಪ್ರೋಟೀನ್ ಎರಡು ಗ್ರಾಂ. ಸಾರು ಹಳದಿ ಇದೆ ಅಂದ ಮಾತ್ರಕ್ಕೆ ಬೇಳೆ ಉಂಡಂತಲ್ಲ. ಕಾಳು ಕಣ್ಣಿಗೆ ಕಾಣಬೇಕು, ಹಲ್ಲಿಗೆ ಸಿಗಬೇಕು. ತಟ್ಟೆಯಲ್ಲಿ ಅನ್ನಕ್ಕಿಂತ ಕಾಳಿನ ಗುಡ್ಡೆ ದೊಡ್ಡದಾಗಿರಬೇಕು. ತಕ್ಕಡಿ ಇಲ್ಲದವರಿಗೆ ಇದೇ ಅಳತೆ.

ಬಸ್ಸಾರು, ಆದರೆ ಪಲ್ಯ ಜಾಸ್ತಿ

ನಾಲ್ಕು ಜನರಿಗೆ ಕಾಲು ಕೆಜಿ ಕಾಳು. ಹುರುಳಿಕಾಳು, ಅಲಸಂದೆ, ಹೆಸರುಕಾಳು, ಒಣ ಅವರೆ, ಯಾವುದಿದ್ದರೂ ಸರಿ. ಹುರುಳಿಯಾದರೆ ಬೆಳಿಗ್ಗೆ ಎದ್ದ ಕೂಡಲೇ ನೆನೆಹಾಕಿ, ಸಂಜೆಗೆ ಹತ್ತು ಗಂಟೆಯಾಗುತ್ತದೆ. ಒಣ ಅವರೆ, ಅಲಸಂದೆಗೆ ಎಂಟು ಗಂಟೆ ಸಾಕು. ಹೆಸರುಕಾಳಿಗೆ ನಾಲ್ಕೈದು ಗಂಟೆ. ನೆನೆದ ನೀರು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಹೊಟ್ಟೆ ಉಬ್ಬರ ಬರಿಸುವ ಅಂಶ ಒಂದಷ್ಟು ಆ ನೆನೆದ ನೀರಿನಲ್ಲೇ ಹೋಗುತ್ತದೆ.

ಕುಕ್ಕರಿನಲ್ಲಿ ಹುರುಳಿಗೆ ಐದಾರು ವಿಷಲ್, ಅಲಸಂದೆಗೆ ಮೂರು, ಹೆಸರುಕಾಳಿಗೆ ಎರಡು. ಎರಡು ಬೆರಳಿನಲ್ಲಿ ಹಿಸುಕಿದರೆ ಕಾಳು ಬೆಣ್ಣೆಯಂತೆ ಒಡೆಯಬೇಕು. ನಡುವೆ ಗಟ್ಟಿ ಸಿಕ್ಕರೆ ಇನ್ನೂ ಬೇಯಲಿ. ಅರೆಬೆಂದ ಕಾಳೇ ರಾತ್ರಿ ಹೊಟ್ಟೆನೋವಿಗೆ ಮೂಲ. ಆಮೇಲೆ ಎರಡು ಕಟ್ಟು ಸೊಪ್ಪು ಹೆಚ್ಚಿ ಹಾಕಿ, ಮುಚ್ಚಳ ತೆಗೆದು ಐದು ನಿಮಿಷ ಬೇಯಿಸಿ. ದಂಟು, ಕಿರಕಸಾಲೆ, ಸಬ್ಬಸಿಗೆ, ನುಗ್ಗೆ ಯಾವುದಾದರೂ ಆದೀತು. ಈಗ ಬಸಿಯಿರಿ. ಬಸಿದ ಕಟ್ಟು ಸಾರಿಗೆ, ಕಾಳುಸೊಪ್ಪು ಪಲ್ಯಕ್ಕೆ.

ಇಲ್ಲಿಯವರೆಗೆ ಎಲ್ಲರೂ ಮಾಡುವುದೇ. ಬದಲಾಗಬೇಕಾದದ್ದು ಎರಡು. ಸಾರಿಗೆ ರುಬ್ಬಲು ಕಾಳು ಎರಡು ಚಮಚ ಮಾತ್ರ ತೆಗೆಯಿರಿ, ಉಳಿದದ್ದೆಲ್ಲ ಪಲ್ಯದಲ್ಲೇ ಇರಲಿ. ಒಗ್ಗರಣೆಗೆ ಎಣ್ಣೆ ನಾಲ್ಕು ಜನಕ್ಕೆ ಎರಡು ಚಮಚ, ಒಣಮೆಣಸು, ಬೆಳ್ಳುಳ್ಳಿ, ಈರುಳ್ಳಿ. ಕಾಯಿತುರಿ ಒಂದು ಹಿಡಿ ಸಾಕು. ಒಲೆ ಇಳಿಸಿದ ಕೂಡಲೇ ನಾಲ್ಕು ಬಟ್ಟಲಿಗೆ ಸಮನಾಗಿ ಹಾಕಿಡಿ. ಈ ಸಮಪಾಲಿನ ಮಾತು ಯಾಕೆ ಅಂತ ಮುಂದೆ ಹೇಳುತ್ತೇವೆ.

ದಿನಾ ಬಸ್ಸಾರೇ ಬೇಕಿಲ್ಲ. ಕರೆಂಟ್ ಇದ್ದರೆ ನೆನೆದ ಹೆಸರುಕಾಳನ್ನು ಹಸಿಮೆಣಸು, ಶುಂಠಿ, ಜೀರಿಗೆ ಜೊತೆ ರುಬ್ಬಿ, ಅಕ್ಕಿ ಸೇರಿಸದೆ, ಹುಳಿ ಬರಿಸದೆ, ಆಗಲೇ ದೋಸೆ ಹುಯ್ಯಿರಿ. ಒಬ್ಬರಿಗೆ 60 ಗ್ರಾಂ ಕಾಳಿನ ಹಿಟ್ಟಿನಲ್ಲಿ ಎರಡು ಮೂರು ದೋಸೆ ಬರುತ್ತವೆ. ಇನ್ನೊಂದು ದಿನ ಎರಡು ಮೊಟ್ಟೆಯನ್ನು ಈರುಳ್ಳಿ, ಟೊಮೇಟೊ, ಮೆಂತ್ಯ ಸೊಪ್ಪಿನಲ್ಲಿ ಬುರ್ಜಿ ಮಾಡಿ, ಒಂದು ಚಪಾತಿ, ಒಂದು ಬಟ್ಟಲು ಮೊಸರು. ಮಾಂಸ ತಿನ್ನುವವರು ಭಾನುವಾರ ಸಾರಿನಲ್ಲಿ ಮುಳುಗಿ ನಾಲ್ಕು ಮುದ್ದೆ ನುಂಗುವ ಬದಲು ತುಂಡುಗಳನ್ನು ಎರಡು ಹೆಚ್ಚು ಹಾಕಿಸಿಕೊಂಡು ಮುದ್ದೆಯನ್ನು ಅರ್ಧ ಮಾಡಲಿ. ಅವರೆಕಾಯಿ ಕಾಲದಲ್ಲಿ ಹಸಿ ಕಾಳು ಬಳಸಿದರೆ ಅದರಲ್ಲಿ ನೀರಿನಂಶ ಹೆಚ್ಚು, ಒಣಕಾಳಿನ ತೂಕದ ಎರಡು ಮೂರು ಪಟ್ಟು ಬೇಕು.

ತಕರಾರುಗಳು

ಮೊದಲನೆಯದು, ಕಾಳು ದುಬಾರಿ. ಸರಿ, ಲೆಕ್ಕ ಹಾಕಿ. ಒಂದು ಕೆಜಿ ಕಾಳಿನಲ್ಲಿ 60 ಗ್ರಾಮಿನ ಹದಿನಾರು ಪಾಲು ಆಗುತ್ತವೆ. ನಿಮ್ಮ ಸಂತೆಯ ಹುರುಳಿಕಾಳಿನ ಬೆಲೆಯನ್ನು ಹದಿನಾರರಿಂದ ಭಾಗಿಸಿ. ಬಂದ ಮೊತ್ತವನ್ನು ರಾತ್ರಿ ತಿನ್ನುವ ಬಿಸ್ಕತ್ತು ಪೊಟ್ಟಣದ ಪಕ್ಕ ಇಡಿ. ಆಮೇಲೆ ಮಾತಾಡೋಣ. ಶುಗರ್‌ನವರಿಗೆ ಅಂತ ಬಣ್ಣದ ಡಬ್ಬಿಯಲ್ಲಿ ಮಾರುವ ಪ್ರೋಟೀನ್ ಪುಡಿಯ ಬೆಲೆಯನ್ನೂ ಪಕ್ಕಕ್ಕಿಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಪ್ರೋಟೀನ್ ಪುಡಿಗಳಿಂದ ದೂರ ಇರಿ ಅಂತಲೇ ಹೇಳಿದೆ. ಹೊಲದ ಬದುವಿನಲ್ಲಿ ಅಲಸಂದೆ ಬೆಳೆಯುವ ನಾವು ಪೇಟೆಯಿಂದ ಪುಡಿ ತರುವುದಕ್ಕೆ ಏನನ್ನಬೇಕು?

ಎರಡನೆಯದು, ಗ್ಯಾಸ್. ನಿಜ, ಬರುತ್ತದೆ. ಇಷ್ಟು ದಿನ ಹತ್ತು ಗ್ರಾಂ ಬೇಳೆ ತಿಂದ ಹೊಟ್ಟೆಗೆ ಒಂದೇ ದಿನ 60 ಗ್ರಾಂ ಹುರುಳಿ ಸುರಿದರೆ ಬಾರದೆ ಇರುತ್ತದೆಯೇ? ಮೊದಲ ವಾರ ಅರ್ಧ ಬಟ್ಟಲು ಹೆಸರುಕಾಳಿನಿಂದ ಶುರುಮಾಡಿ, ಎರಡನೇ ವಾರ ಮುಕ್ಕಾಲು, ಮೂರನೇ ವಾರ ಪೂರ್ತಿ. ಹುರುಳಿ, ಕಡಲೆ ಆಮೇಲೆ ಬರಲಿ. ಎಂಟು ಗಂಟೆ ಒಳಗೆ ಉಂಡು, ಊರೊಳಗೆ ಹದಿನೈದು ನಿಮಿಷ ಅಡ್ಡಾಡಿ ಬನ್ನಿ. ಹಾಗೆ ಮಾಡಿಯೂ ವಾರಗಟ್ಟಲೆ ಹೊಟ್ಟೆನೋವು, ಭೇದಿ ಇದ್ದರೆ ಅದು ಬೇರೆ ತೊಂದರೆ, ವೈದ್ಯರಿಗೆ ತೋರಿಸಿ.

ಮೂರನೆಯದು, "ದುಡಿಯುವವರಿಗೆ ಅನ್ನ ಬೇಕು." ಬೇಕೇ ಬೇಕು. ದಿನವಿಡೀ ಗುದ್ದಲಿ ಹಿಡಿಯುವವರಿಗೆ, ಬಸುರಿ ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ, ತೂಕ ಇಳಿಯುತ್ತಿರುವ ಅಜ್ಜ ಅಜ್ಜಿಗೆ ಅನ್ನ ಕಿತ್ತುಕೊಳ್ಳಿ ಅಂತ ನಾವು ಹೇಳುತ್ತಿಲ್ಲ. ಅವರ ತಟ್ಟೆಯಲ್ಲಿ ಅನ್ನ ಇರಲಿ, ಕಾಳು ಹೆಚ್ಚಾಗಲಿ. ಈ ಮಾತು ಅಂಗಡಿ, ಕಚೇರಿ, ಆಟೊ, ಹೊಲಿಗೆ ಮಿಷನ್ ಮುಂದೆ ಕೂತು ದುಡಿಯುವವರಿಗೆ. ಅಪ್ಪ ಹೊಲ ಉತ್ತು ಉಂಡ ಪ್ರಮಾಣವನ್ನೇ ಮಗ ಸ್ಟೂಲಿನ ಮೇಲೆ ಕೂತು ಉಣ್ಣುತ್ತಿದ್ದಾನಲ್ಲ, ಅವನಿಗೆ.

ಇವರು ಮೊದಲು ವೈದ್ಯರನ್ನು ಕೇಳಲೇಬೇಕು

"ಅನ್ನ ಬಿಡಿ" ಅನ್ನುವ ವಿಡಿಯೊಗಳಲ್ಲಿ ಈ ಎಚ್ಚರಿಕೆ ಇರುವುದು ಅಪರೂಪ. ಅದಕ್ಕೇ ನಮಗೆ ಹೆಚ್ಚು ಸಿಟ್ಟು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಏಕಾಏಕಿ ರಾತ್ರಿ ಅನ್ನ ಇಳಿಸಬಾರದು. ಆ ಔಷಧಿಯ ಪ್ರಮಾಣ ನೀವು ಮೊದಲು ಉಣ್ಣುತ್ತಿದ್ದ ಊಟಕ್ಕೆ ನಿಗದಿಯಾದದ್ದು. ಔಷಧಿ ಅಷ್ಟೇ ಇದ್ದು ಪಿಷ್ಟ ಅರ್ಧ ಆದರೆ ನಡುರಾತ್ರಿ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ತಡೆಯಲಾರದ ಹಸಿವು, ಮಾತು ತೊದಲುವುದು ಇದರ ಗುರುತು. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ತಕ್ಷಣ ಕುಡಿಸಿ, ಹದಿನೈದು ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಇದಕ್ಕೆ ಅವಕಾಶವೇ ಬಾರದಂತೆ, ಊಟ ಬದಲಿಸುವ ಮೊದಲೇ ವೈದ್ಯರ ಹತ್ತಿರ ಹೋಗಿ "ಸಾರ್, ರಾತ್ರಿ ಅನ್ನ ಅರ್ಧಕ್ಕೆ ಇಳಿಸುತ್ತಿದ್ದೀನಿ, ಮಾತ್ರೆ ಎಷ್ಟು ನುಂಗಲಿ?" ಅಂತ ಕೇಳಿ.

ಇನ್ನು ಮೂತ್ರಪಿಂಡದ ತೊಂದರೆ ಇರುವವರು. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚು ಬಂದಿದೆ ಅಂತ ಹೇಳಿಸಿಕೊಂಡವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು. ಎಷ್ಟೋ ವರ್ಷದಿಂದ ಶುಗರ್ ಇದ್ದೂ ಒಮ್ಮೆಯೂ ಕ್ರಿಯಾಟಿನಿನ್ ನೋಡಿಸದವರು ಮೊದಲು ಅದನ್ನು ನೋಡಿಸಲಿ.

ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ ನೋಡಿ. ಒಂದು ದಿನ ಹಳೆ ಊಟಕ್ಕೆ, ಇನ್ನೊಂದು ದಿನ ಹೊಸ ಊಟಕ್ಕೆ. ಒಂದೇ ಸಲದ ಅಂಕಿ ನಂಬಬೇಡಿ, ಮೂರ್ನಾಲ್ಕು ದಿನದ್ದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ವಿಡಿಯೊದವರು ಹೇಳಿದ್ದು ನಿಮ್ಮ ಮೈಗೆ ಹೊಂದುತ್ತದೋ ಇಲ್ಲವೋ ಅಂತ ಆ ಚೀಟಿ ಹೇಳುತ್ತದೆ.

ಕಾಳು ಯಾರ ತಟ್ಟೆಗೆ?

ಈಗ ಸಮಪಾಲಿನ ಮಾತಿಗೆ ಬರೋಣ. ಕಾಳುಪಲ್ಯ ಮಾಡಿದ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆ ನೋಡಿ. ಗಂಡಸರು ಮೊದಲು ಕೂರುತ್ತಾರೆ, "ಇನ್ನೊಂದು ಸೌಟು ಹಾಕು" ಅನ್ನುತ್ತಾರೆ. ಮಕ್ಕಳು ಉಣ್ಣುತ್ತವೆ. ಅಕ್ಕ ಕೂರುವ ಹೊತ್ತಿಗೆ ಬಾಣಲೆಯ ತಳದಲ್ಲಿ ಒಂದು ಚಮಚ ಸೊಪ್ಪು, ಪಾತ್ರೆಯಲ್ಲಿ ಸಾರು. ಮುದ್ದೆ ಮಾತ್ರ ಧಾರಾಳ. ಮಾರನೆ ತಿಂಗಳು ಶಿಬಿರದಲ್ಲಿ ಅದೇ ಅಕ್ಕನಿಗೆ "ಶುಗರ್ ಜಾಸ್ತಿ, ಅನ್ನ ಮುದ್ದೆ ಕಡಿಮೆ ಮಾಡಮ್ಮ" ಅಂತಾರೆ. ಕಡಿಮೆ ಮಾಡಿದರೆ ಅವಳಿಗೆ ಉಳಿಯುವುದು ಏನು, ಬರೀ ಸಾರಾ?

ದರ್ಜಿಯಣ್ಣನ ಮನೆಯಲ್ಲೂ ಮೊದಮೊದಲು ಮೊಟ್ಟೆ ಬೇಯುತ್ತಿದ್ದದ್ದು ಒಂದೇ. ಅಕ್ಕನನ್ನು ಕೇಳಿದರೆ "ನಂಗೇನಪ್ಪ, ಅವರಿಗಲ್ವಾ ಶುಗರ್ ಇರೋದು" ಅಂದರು. ಅವರದ್ದನ್ನು ಯಾರೂ ಪರೀಕ್ಷೆ ಮಾಡಿಯೇ ಇರಲಿಲ್ಲ. ಅದಕ್ಕೇ ನಾವು ಹೇಳುವುದು, ಒಲೆ ಇಳಿಸಿದ ಕೂಡಲೇ ಬಟ್ಟಲುಗಳಿಗೆ ಪಾಲು ಹಾಕಿಡಿ. ಅಡುಗೆ ಮಾಡಿದವರ ಬಟ್ಟಲು ಮೊದಲು ತುಂಬಲಿ.

ಮನೆಯಾಚೆಗೂ ಇದೇ ಪ್ರಶ್ನೆ. 2013ರಲ್ಲಿ ಅನ್ನಭಾಗ್ಯ ಬಂದಾಗ ಬಡವರ ಮನೆಯಲ್ಲಿ ಒಲೆ ಆರಲಿಲ್ಲ, ಅದನ್ನು ಅಲ್ಲಗಳೆಯುವವರು ಹಸಿವು ಕಾಣದವರು. ಆದರೆ ಚೀಲದಲ್ಲಿ ಬರುವುದೆಲ್ಲ ಅಕ್ಕಿಯಾದರೆ ತಟ್ಟೆಯಲ್ಲಿ ಗುಡ್ಡೆ ಬೀಳುವುದೂ ಅಕ್ಕಿಯೇ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ದಿಕ್ಕು ಸರಿ. ನಮ್ಮ ಒತ್ತಾಯ ಏನೆಂದರೆ, ಆ ಕಿಟ್ಟಿನಲ್ಲಿ ಹುರುಳಿ, ಅಲಸಂದೆ, ಅವರೆಯಂಥ ನಮ್ಮ ನೆಲದ ಇಡೀ ಕಾಳಿಗೂ ಜಾಗ ಸಿಗಲಿ. ಬೆಳೆದ ರೈತನಿಗೆ ಬೆಲೆ, ಉಂಡವರಿಗೆ ಬಲ.

ಇನ್ನು ಮುಂದೆ ಯಾರಾದರೂ ನಿಮಗೆ "ರಾತ್ರಿ ಅನ್ನ ಬಿಡಿ" ಅಂದರೆ ಬಿಡಬೇಡಿ, ಅಲ್ಲೇ ನಿಲ್ಲಿಸಿ ಕೇಳಿ: "ಸರಿ, ಅದರ ಬದಲು ತಟ್ಟೆಗೆ ಏನು ಹಾಕಲಿ, ಎಷ್ಟು ಹಾಕಲಿ?" ಉತ್ತರ ಚಪಾತಿ ಅಂತ ಬಂದರೆ ಮೇಲಿನ ಲೆಕ್ಕ ಅವರಿಗೇ ಓದಿ ಹೇಳಿ. ಈಗ ಎದ್ದು ಹೋಗಿ ಒಂದು ಪಾವು ಕಾಳು ನೆನೆಹಾಕಿ. ನಾಳೆ ರಾತ್ರಿ ಊಟಕ್ಕೆ ಆಗುತ್ತದೆ.